ಬ್ಯಾಸಿಗ್ಯಾಗ ಆಲ್ಜಿನೇಟ್ ಬೌಲಿನಾಗ ಗಟ್ಟಿ ಆಗ್ತೈತಿ, ನೀರ್ ಜಾಸ್ತಿ ಹಾಕಿದ್ರ ನಡೀತೈತೇನ್ರಿ?

ಪ್ರಶ್ನೆ: ಸರ್, ಜಮಖಂಡ್ಯಾಗ ನಂದೊಂದು ಸಣ್ಣ ಕ್ಲಿನಿಕ್ ಐತಿ. ಮಾರ್ಚ್ ಬಂತಂದ್ರ ಆಲ್ಜಿನೇಟ್ ಟ್ರೇಕ್ಕ ತುಂಬೂದ್ರಾಗನ ಗಟ್ಟಿ ಆಗಾಕ ಹತ್ತತೈತಿ. ನಮ್ಮ ಅಸಿಸ್ಟೆಂಟ್ ಹುಡುಗಿ ನೀರ್ ಸ್ವಲ್ಪ ಜಾಸ್ತಿ ಹಾಕೂಣು ಅಂತಾಳ. ಇಂಪ್ರೆಷನ್ ತಗದು ಹಸಿ ಹತ್ತ್ಯಾಗ ಸುತ್ತಿ ಇಟ್ಟಿರ್ತೀವಿ, ಲ್ಯಾಬಿನ ಹುಡುಗ ಸಂಜಿಗೆ ಬಂದು ಒಯ್ತಾನ. ಹೋದ ವಾರ ಮೂರು ಹಲ್ಲಿನ ತಗದು ಹಾಕೂ ಪ್ಲೇಟ್ ಬಂತು, ಬಾಯ್ಯಾಗ ಕುಂದರವಲ್ದು, ಅಲಗಾಡ್ತೈತಿ. ಲ್ಯಾಬಿನವರು ತಪ್ಪು ನಿಮ್ದ ಅಂತಾರ. ಇನ್ನೊಂದು, ಕ್ರೌನ್ ಹಚ್ಚೂ ಗ್ಲಾಸ್ ಅಯನೊಮರ್ ಸಿಮೆಂಟೂ ಸೆಕಿಗೆ ಲಗೂನ ಬಿರಸ ಆಗ್ತೈತಿ, ಕಾಲೇಜಿನಾಗ ಝಿಂಕ್ ಫಾಸ್ಫೇಟ್‌ಗೆ ಮಾಡ್ತಿದ್ವಲ್ಲ, ಹಂಗ ಥಂಡಿ ಗ್ಲಾಸ್ ಸ್ಲ್ಯಾಬ್ ಮ್ಯಾಲೆ ಕಲಸಬಹುದೇನ್ರಿ?

ಉತ್ತರ:

ನೋಡ್ರಿ ಡಾಕ್ಟ್ರ, ಬೌಲಿನಾಗ ಪೂರಾ ಗಟ್ಟಿ ಆದ ಮಿಕ್ಸಿಂದ ನಿಮಗೇನೂ ಧಕ್ಕಿ ಇಲ್ಲ, ಅದನ್ನ ಕೆರದು ಒಗದು ಇನ್ನೊಂದು ಕಲಸ್ತೀರಿ, ಒಂದ್ ಸ್ಕೂಪ್ ಪುಡಿ ಹೋತು ಅಷ್ಟ. ಧಕ್ಕಿ ಇರೂದು ಹೆಂಗೋ ಅವಸರ ಮಾಡಿ ಬಾಯಿತನಕ ಮುಟ್ಟಿಸಿದ ಮಿಕ್ಸಿನಾಗ. ಅದು ನೋಡಾಕ ಛಲೋ ಇರ್ತೈತಿ, ಹಲ್ಲಿನ ಗುರುತೆಲ್ಲಾ ಬಂದಿರ್ತಾವ, ಆದ್ರ ಅಳತಿ ತಪ್ಪಿರ್ತೈತಿ. ನಿಮ್ಮ ಪ್ಲೇಟಿನ ಕಥಿ ಅರ್ಧ ಇದ ಅಂತ ನನ್ನ ಅಂದಾಜು, ಉಳದರ್ಧ ಹಸಿ ಹತ್ತಿದು, ಅದನ್ನ ಆಮ್ಯಾಲ ಹೇಳ್ತೇನಿ.

ಆ ಪುಡಿಯೊಳಗ ಏನೈತಿ ಅಂತ ಒಮ್ಮೆ ನೆನಪ ಮಾಡ್ಕೋರಿ. ಪೊಟ್ಯಾಸಿಯಂ ಇಲ್ಲಾ ಸೋಡಿಯಂ ಆಲ್ಜಿನೇಟ್ ಐತಿ, ಕ್ಯಾಲ್ಸಿಯಂ ಸಲ್ಫೇಟ್ ಐತಿ, ಅರ್ಧಕ್ಕಿಂತ ಹೆಚ್ಚು ಡಯಾಟಮೇಶಿಯಸ್ ಅರ್ತ್ ಅನ್ನೂ ಫಿಲ್ಲರ್, ಮತ್ತ ಶೇಕಡಾ 2ರ ಸುತ್ತಮುತ್ತ ಸೋಡಿಯಂ ಫಾಸ್ಫೇಟ್. ನೀರ್ ಬಿದ್ದ ಕೂಡಲೆ ಕ್ಯಾಲ್ಸಿಯಂ ಕರಗಿ ಹೊರಗ ಬರಾಕ ಹತ್ತತೈತಿ, ಅದು ಆಲ್ಜಿನೇಟಿನ ಎಳಿ ಎಳಿ ಕೂಡಿಸಿ ಜೆಲ್ ಮಾಡಬೇಕು. ಆದ್ರ ಮದುವಿ ಊಟದಾಗ ಮೊದಲನೇ ಪಂಕ್ತಿ ಕುಂತಂಗ ಫಾಸ್ಫೇಟ್ ಮೊದಲ ಕುಂತಿರ್ತೈತಿ, ಬಂದ ಕ್ಯಾಲ್ಸಿಯಮ್ಮೆಲ್ಲಾ ಅದ ತಗೋತೈತಿ, ಅದು ಎದ್ದ ಮ್ಯಾಲನ ಆಲ್ಜಿನೇಟಿಗೆ ಪಾಳಿ. ಫಾಸ್ಫೇಟ್ ತೀರೂತನಕ ಇರೂ ಟೈಮಿನಾಗನ ನೀವು ಕಲಸಬೇಕು, ತುಂಬಬೇಕು, ಬಾಯ್ಯಾಗ ಕುಂದರಸಬೇಕು. ತೀರಿದ ಮ್ಯಾಲೆ ನಿಧಾನ ಅನ್ನೂ ಮಾತಿಲ್ಲ, ಸರ್ರಂತ ಜೆಲ್ ಆಗ್ತೈತಿ.

ಈ ಟೈಮನ್ನ ತಿನ್ನೂವು ಎರಡು, ಸೆಕಿ ಮತ್ತ ಸವಳು ನೀರು. ನಮ್ಮ ಕಡೆ ಎರಡೂ ಧಾರಾಳ ಅದಾವ. ನೀರಿನ ಬಿಸಿ 10 ಡಿಗ್ರಿ ಏರಿದ್ರ ಸೆಟ್ಟಿಂಗ್ ಟೈಮು ಸುಮಾರು ಒಂದು ನಿಮಿಷ ಕಡಿಮಿ ಆಗ್ತೈತಿ ಅಂತ ಲೆಕ್ಕ. ನೀವು ರೆಗ್ಯುಲರ್ ಸೆಟ್ ಬಳಸ್ತೀರಿ, 23 ಡಿಗ್ರಿ ನೀರಿಗೆ ಅದು ಮೂರೂವರಿ ನಿಮಿಷಕ್ಕ ಸೆಟ್ ಆಗೂದು ಅಂತ ಹಿಡೀರಿ. ಏಪ್ರಿಲ್ ಮಧ್ಯಾಹ್ನ ಮಾಳಿಗಿ ಮ್ಯಾಲಿನ ಸಿಂಟೆಕ್ಸ್ ಟಾಕಿ ನೀರು 38 ಡಿಗ್ರಿ ಇರಾಕ ಏನೂ ಅಡ್ಡಿಲ್ಲ, ಕೈಗೆ ನೀವ ಹಚ್ಚಿ ನೋಡಿರ್ತೀರಿ. 15 ಡಿಗ್ರಿ ಹೆಚ್ಚಂದ್ರ ಒಂದೂವರಿ ನಿಮಿಷ ಹೋತು, ಉಳದದ್ದು ಎರಡು ನಿಮಿಷ. ಕಲಸಾಕ ಒಂದು ನಿಮಿಷ, ಟ್ರೇ ತುಂಬಿ ಮ್ಯಾಲೆ ಹಸಿ ಬೆರಳಿಂದ ನುಣ್ಣಗ ಮಾಡಾಕ ಅರ್ಧ ನಿಮಿಷ, ಪೇಶಂಟ್‌ಗೆ ಬಾಯಿ ತಗೀರಿ ಅಂತ ಹೇಳಿ ತುಟಿ ಸರಸಿ ಕುಂದರಸೂದ್ರಾಗ ಇನ್ನರ್ಧ. ಅಂದ್ರ ಟ್ರೇ ಒತ್ತೂ ಹೊತ್ತಿಗೆ ಜೆಲ್ ಶುರು ಆಗೇ ಬಿಟ್ಟಿರ್ತೈತಿ. ಫಾಸ್ಟ್ ಸೆಟ್ ಆಗಿದ್ರಂತೂ ಒಂದರಿಂದ ಎರಡ ನಿಮಿಷದ ಮಾಲು ಅದು, ಬಾಯಿ ಮುಟ್ಟೂದ ಕಷ್ಟ.

ಜೆಲ್ ಆಗಾಕ ಹತ್ತಿದ್ದನ್ನ ಒತ್ತಿದ್ರ ಏನಾಗ್ತೈತಿ? ಅದು ಹರಿಯಂಗಿಲ್ಲ, ರಬ್ಬರಿನಂಗ ಅಮುಕಿಕೊಂಡು ಕುಂದರ್ತೈತಿ, ನೀವು ಬಾಯಿಂದ ತಗದ ಮ್ಯಾಲೆ ಆ ಅಮುಕಿದ್ದು ಬಿಡಿಸಿಕೊಳ್ಳಾಕ ಹತ್ತತೈತಿ, ಸ್ಟೋನ್ ಹಾಕೂದ್ರಾಗ ಆಕಾರ ಬದಲಾಗಿರ್ತೈತಿ. ಇದು ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಇದು ಖತರ್ನಾಕ್. ಆದ್ರೂ ಹುಡುಕಿದ್ರ ಸುಳಿವು ಸಿಗ್ತಾವ. ಬೆಳಕಿಗೆ ಹಿಡದು ನೋಡ್ರಿ, ಪ್ಯಾಲೇಟಿನ ಜಾಗಾದಾಗ ಅಲ್ಲೊಂದು ಇಲ್ಲೊಂದು ಮಡಿಕಿ ಬಿದ್ದಂಗ ಗೆರಿ ಇರ್ತಾವ, ಮೈ ನುಣ್ಣಗಿರೂ ಬದಲಿ ರವಾ ರವಾ ಇರ್ತೈತಿ, ವೆಸ್ಟಿಬ್ಯೂಲಿನ ಅಂಚು ತುಂಬದ ದುಂಡಗ ಮೊಂಡಾಗಿರ್ತಾವ. ಇಂಥಾವು ಕಂಡ್ರ ಲ್ಯಾಬಿಗೆ ಕಳಸೂ ಮಾತ ಬ್ಯಾಡ, ಮತ್ತೊಂದು ತಗೋರಿ.

ಇನ್ನ ಸವಳು ನೀರು. ಬೋರಿನ ನೀರಿನಾಗ ಕರಗಿದ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಮೊದಲ ಇರ್ತಾವ. ಪುಡಿ ಬೀಳೂಕಿಂತ ಮುಂಚೇನ ಕ್ಯಾಲ್ಸಿಯಂ ತಯಾರಾಗಿ ಕುಂತಿರ್ತೈತಿ, ಫಾಸ್ಫೇಟ್ ಅದಕ್ಕೂ ಖರ್ಚಾಗ್ತೈತಿ, ಮತ್ತ ಟೈಮು ಕಡಿಮಿ. ನಳದಾಗ ಒಂದಿನ ಹೊಳಿ ನೀರು ಒಂದಿನ ಬೋರ್ ನೀರು ಬರೂ ಊರಾಗ ಅದ ಡಬ್ಬಿ, ಅದ ಕೈ, ಒಂದೊಂದಿನ ಒಂದೊಂಥರಾ ಸೆಟ್ ಆಗ್ತೈತಿ, ಎಲ್ಲಾರೂ ಕಂಪನಿಗೆ ಬೈಕೋತ ಕುಂತಿರ್ತಾರ. ಅದಕ್ಕ ಆಲ್ಜಿನೇಟಿಗೆ ಆರ್‌ಓ ನೀರ ಬಳಸ್ರಿ, ಕುಡಿಯಾಕ ಕ್ಯಾನ್ ತರಸ್ತೀರಲ್ಲ, ಅದ ಸಾಕು.

ಈಗ ನೀವು ಮಾಡಬೇಕಾದ್ದು. ಆರ್‌ಓ ನೀರಿನ ಎರಡು ಬಾಟ್ಲಿ ಇಡ್ರಿ, ಒಂದು ಫ್ರಿಜ್ಜಿನಾಗ, ಒಂದು ಹೊರಗ. ಫ್ರಿಜ್ಜಿಂದು 5 ಡಿಗ್ರಿ, ಹೊರಗಿಂದು 35 ಇದ್ರ ಸಮ ಸಮ ಕೂಡಿಸಿದ್ರ 20ಕ್ಕ ಬರ್ತೈತಿ. ನಮಗ ಬೇಕಾದ್ದು 18ರಿಂದ 24ರ ನಡುವ, ಸೆಕಿ ದಿನ ಕೆಳಗಿನ ಕಡೆ ಇರೂದ ಛಲೋ, ಯಾಕಂದ್ರ ಪುಡಿನೂ ಕಾದಿರ್ತೈತಿ, ರಬ್ಬರ್ ಬೌಲೂ ಕಾದಿರ್ತೈತಿ, ಕಲಸೂದ್ರಾಗ ಒಂದೆರಡು ಡಿಗ್ರಿ ಏರೇ ಏರ್ತೈತಿ. ಒಂದು ಥರ್ಮಾಮೀಟರ್ ತಂದು ಇಟ್ಕೋರಿ, ಮೀನಿನ ತೊಟ್ಟಿಗೆ ಹಾಕೂವಂಥಾದು ಆದ್ರೂ ನಡೀತೈತಿ. ಬೌಲು, ಸ್ಪ್ಯಾಚುಲಾ ಎರಡನ್ನೂ ಥಂಡಿ ನೀರಿನಾಗ ಸ್ವಲ್ಪ ಹೊತ್ತು ಇಟ್ಟು ಒರಿಸಿ ತಗೋರಿ. ಬರೇ ಫ್ರಿಜ್ಜಿನ ನೀರ ಹಾಕಬ್ಯಾಡ್ರಿ, ಅದು ಪೇಶಂಟ್ ಬಾಯ್ಯಾಗ ಐದಾರು ನಿಮಿಷ ಕುಂತ್ರೂ ಗಟ್ಟಿ ಆಗದ ಓಕರಿಕಿ ಬರಸ್ತೈತಿ, ಪೂರಾ ಸೆಟ್ ಆಗೂಕಿಂತ ಮುಂಚೆ ತಗದ್ರ ಹರೀತೈತಿ.

ಇಷ್ಟು ಮಾಡಿ ಪೇಶಂಟ್ ಇಲ್ಲದ ಹೊತ್ತಿನಾಗ ಒಂದು ಪರೀಕ್ಷೆ ಮಾಡ್ರಿ. ನಳದ ನೀರಿಂದ ಒಂದು ಸ್ಕೂಪ್ ಕಲಸ್ರಿ, ಪುಡಿ ನೀರು ಕೂಡಿದ ಗಳಿಗಿಂದ ಮೊಬೈಲಿನಾಗ ಸ್ಟಾಪ್‌ವಾಚ್ ಹಚ್ಚಿ, ಬೆರಳು ಮುಟ್ಟಿಸಿ ಎತ್ತಿದ್ರ ಅಂಟದಂಗ ಆಗೂತನಕ ಎಷ್ಟ ಹೊತ್ತು ಹಿಡೀತು ಬರಕೋರಿ. ಆಮ್ಯಾಲ 20 ಡಿಗ್ರಿ ಆರ್‌ಓ ನೀರಿಂದ ಅದನ್ನ ಮಾಡ್ರಿ. ಎರಡರ ಫರಕ ನೋಡಿದ ಮ್ಯಾಲೆ ನಿಮ್ಮ ಅಸಿಸ್ಟೆಂಟ್‌ಗೆ ನೀವೇನೂ ಬೇರೆ ಹೇಳೂದ ಬ್ಯಾಡ.

ನೀರು ಜಾಸ್ತಿ ಹಾಕೂಣು ಅಂದ್ಲಲ್ಲ ಆಕಿ, ಅದು ಪೂರಾ ಸುಳ್ಳೂ ಅಲ್ಲ. ತೆಳ್ಳಗ ಕಲಸಿದ್ರ ಸ್ವಲ್ಪ ಟೈಮು ಸಿಗ್ತೈತಿ. ಆದ್ರ ಸಿಗೂದು ಸ್ವಲ್ಪ, ಕಳಕೊಳ್ಳೂದು ಭಾಳ, ಯಾಕಂದ್ರ ಜೆಲ್ಲಿನ ಎಳಿ ವಿರಳ ಆಗಿ ತಾಕತ್ತು ಇಳೀತೈತಿ, ಹಲ್ಲು ಹಲ್ಲಿನ ಸಂದಿಯೊಳಗಿನ ತೆಳು ಭಾಗ ತಗೀಬೇಕಾದ್ರ ಹರಕೊಂಡು ಅಲ್ಲೇ ಉಳೀತೈತಿ. ಪುಡಿ ನೀರಿನ ಅಳತಿ ಕಂಪನಿಯವರು ಕೊಟ್ಟಿದ್ದ ಇರಲಿ, ಟೈಮು ಬೇಕಾದ್ರ ನೀರಿನ ಥಂಡಿಯಿಂದ ತಗೋರಿ. ಕಡಿಮಿ ಹೊತ್ತು ಕಲಸೂದೂ ಅದ ಥರದ ಮೋಸ, ಪುಡಿ ಪೂರಾ ತೊಯ್ಯಂಗಿಲ್ಲ. ಬೌಲಿನಾಗ ಮೊದಲ ನೀರು, ಆಮ್ಯಾಲ ಪುಡಿ, ಬೌಲಿನ ಗ್ವಾಡಿಗೆ ಒತ್ತಿ ಒತ್ತಿ ಜೋರಲೆ ತಿಕ್ಕಬೇಕು, ರೆಗ್ಯುಲರಿಗೆ ಒಂದು ನಿಮಿಷ, ಫಾಸ್ಟಿಗೆ 45 ಸೆಕೆಂಡು, ಕೆನಿಯಂಗ ನುಣ್ಣಗಾಗಿ ಸ್ಪ್ಯಾಚುಲಾ ಎತ್ತಿದ್ರ ಜಾರಿ ಬೀಳದಂಗ ನಿಲ್ಲಬೇಕು. ಬಣ್ಣ ಬದಲಾಗೂ ಆಲ್ಜಿನೇಟ್ ಇದ್ರ ಸೆಕ್ಯಾಗ ಅದೂ ಒಂದು ಅನುಕೂಲ ಐತಿ, ಆ ಬಣ್ಣ ಗಡಿಯಾರ ನೋಡಿ ಬದಲಾಗೂದಲ್ಲ, ಒಳಗಿನ ಪಿಎಚ್ ಬದಲಾದಂಗ ಬದಲಾಗೂದು, ಸೆಕಿಗೆ ರಿಯಾಕ್ಷನ್ ಓಡಿದ್ರ ಬಣ್ಣನೂ ಓಡ್ತೈತಿ.

ಪುಡಿ ಎಲ್ಲಿ ಇಡ್ತೀರಿ ಅಂತ ನೀವು ಬರದಿಲ್ಲ. ಭಾಳ ಕ್ಲಿನಿಕ್ಕಿನಾಗ ಆಟೊಕ್ಲೇವ್ ಮ್ಯಾಲಿನ ಕಪಾಟಿನಾಗ ಇಟ್ಟಿದ್ದು ನೋಡೇನಿ, ಅದು ಸೆಕಿ ಮತ್ತ ಉಗಿ ಎರಡೂ ಕೂಡೂ ಜಾಗಾ. 65 ಡಿಗ್ರಿಗೆ ಒಂದು ತಿಂಗಳು ಇಟ್ಟ ಆಲ್ಜಿನೇಟ್ ಪೂರಾ ಕೆಡ್ತೈತಿ, ಒಂದು ಸೆಟ್ ಆಗೂದ ಇಲ್ಲ, ಇಲ್ಲಾಂದ್ರ ಮುಟ್ಟಿದ ಕೂಡಲೆ ಸೆಟ್ ಆಗ್ತೈತಿ. 54 ಡಿಗ್ರಿಗೂ ಕೆಡೂ ಲಕ್ಷಣ ಕಾಣಸ್ತಾವ, ಆಲ್ಜಿನೇಟಿನ ಉದ್ದನ್ನ ಸರಪಳಿ ತುಂಡಾಗ್ತಾವ. ಬಿಸಲಾಗ ನಿಂತ ಕಾರಿನ ಡಿಕ್ಕಿಯೊಳಗ ಎಷ್ಟು ಸೆಕಿ ಇರ್ತೈತಿ ನೀವ ವಿಚಾರ ಮಾಡ್ರಿ, ಕ್ಯಾಂಪಿಗಂತ ಒಯ್ದು ಅಲ್ಲೇ ಬಿಟ್ಟ ಪ್ಯಾಕೆಟ್ ಮುಂದ ಕೈ ಕೊಟ್ರ ಆಶ್ಚರ್ಯ ಇಲ್ಲ. ತಂಪು ಜಾಗಾ, ಬಿಗಿ ಮುಚ್ಚಳದ ಡಬ್ಬಿ, ಒಣ ಸ್ಕೂಪು. ಅಳಿಯೂಕಿಂತ ಮುಂಚೆ ಡಬ್ಬಿ ಒಮ್ಮೆ ಬುಡಮೇಲು ಮಾಡಿ ಅಲಗಾಡಸ್ರಿ, ತಳದಾಗ ಕುಂತ ಪುಡಿ ಸಡಲ ಆಗಲಿಲ್ಲಂದ್ರ ಸ್ಕೂಪಿನಾಗ ಹೆಚ್ಚು ಬರ್ತೈತಿ. ಅಲಗಾಡಿಸಿದ ಮ್ಯಾಲೆ ಧೂಳು ಕುಂದರೂತನಕ ಮುಚ್ಚಳ ತಗೀಬ್ಯಾಡ್ರಿ, ಆ ಸಣ್ಣ ಧೂಳು ಪುಪ್ಪಸಕ್ಕ ಒಳ್ಳೇದಲ್ಲ.

ಬಾಯ್ಯಾಗ ಇದ್ದಾಗ ಒಂದು ಮಾತು. ಬೆರಳಿಗೆ ಅಂಟೂದು ನಿಂತಕೂಡಲೆ ತಗೀಬ್ಯಾಡ್ರಿ, ಎರಡರಿಂದ ಮೂರು ನಿಮಿಷ ಬಿಡ್ರಿ, ಜೆಲ್ಲಿನ ತಾಕತ್ತು ಆ ಹೊತ್ತಿನಾಗನ ಬೆಳೀತೈತಿ. ಅಷ್ಟೂ ಹೊತ್ತು ಟ್ರೇ ನೀವ ಹಿಡೀರಿ, ಪೇಶಂಟ್ ಕೈಗೆ ಕೊಟ್ಟು ಫೋನ್ ಎತ್ತಾಕ ಹೋಗಬ್ಯಾಡ್ರಿ. ಬಾಯಿಗೆ ಹತ್ತಿದ ಕಡೆ ಮೈ ಬಿಸಿಗೆ ಮೊದಲ ಸೆಟ್ ಆಗಿರ್ತೈತಿ, ಟ್ರೇ ಕಡೆ ಇನ್ನೂ ಮೆತ್ತಗಿರ್ತೈತಿ, ಆಗ ಟ್ರೇ ಅಲಗಾಡಿತಂದ್ರ ಮತ್ತ ಅದ ಅಮುಕಿದ ಕಥಿ. ತಗೀಬೇಕಾದ್ರ ಒಂದ ಝಟಕಾಕ್ಕ ತಗೀರಿ, ಹಿಂದ ಮುಂದ ಅಲಗಾಡಿಸಿ ನಿಧಾನ ಎಳದ್ರ ಹರಿಯೂದೂ ಹೆಚ್ಚು, ಆಕಾರ ಕೆಡೂದೂ ಹೆಚ್ಚು.

ಈಗ ಹಸಿ ಹತ್ತಿ. ಆಲ್ಜಿನೇಟ್ ಇಂಪ್ರೆಷನ್ ಅಂದ್ರ ಬಹುಪಾಲು ನೀರ. ಗಾಳಿಗೆ ಇಟ್ರ ನೀರು ಹಾರಿ ಸುಕ್ಕತೈತಿ, ಏಪ್ರಿಲ್ಲಿನ ಒಣಗಾಳ್ಯಾಗ ಫ್ಯಾನ್ ಕೆಳಗಂತೂ ಭಾಳ ಲಗೂ. ಅದಕ್ಕ ನೀರಿನಾಗ ಇಡೂಣು, ತೊಯ್ಸಿದ ಹತ್ತ್ಯಾಗ ಸುತ್ತೂಣು ಅಂತ ಬರ್ತೈತಿ. ಆದ್ರ ನೀರು ಹತ್ತಿದ ಕಡೆ ಅದು ನೀರು ಕುಡದು ಉಬ್ಬತೈತಿ, ತಟತಟ ನೀರು ಸೋರೂ ಹತ್ತಿ ಒಂದು ಕಡೆ ಹತ್ತಿ ಇನ್ನೊಂದು ಕಡೆ ಹತ್ತಲಿಲ್ಲಂದ್ರ ಒಂದು ಕಡೆ ಉಬ್ಬು, ಒಂದು ಕಡೆ ಸುಕ್ಕು. ಮ್ಯಾಲಿಂದ ಹತ್ತಿ ಒತ್ತಿ ಸುತ್ತಿದ್ರ ಅಂಚು ಬಾಗ್ತಾವ. ಗಾಳಿ ಪೂರಾ ತೇವ ಇರೂ ಡಬ್ಬ್ಯಾಗ ಇಟ್ರ ಸೇಫ್ ಅಂತ ಕೆಲವರು ಅಂತಾರ, ಅದೂ ಸ್ವಲ್ಪ ಹೊತ್ತಿನ ಮಾತು, ಅಲ್ಲೂ ಜೆಲ್ ತಾನ ಕುಗ್ಗಿ ನೀರು ಹೊರಗ ಬಿಡ್ತೈತಿ, ಮೈಮ್ಯಾಲೆ ಬೆವರಿನಂಗ ಹನಿ ಕಾಣ್ತಾವ. ಹಿಂಗಾಗಿ ಸಂಜಿತನಕ ಇಡೂ ಉಪಾಯ ಸಾದಾ ಆಲ್ಜಿನೇಟಿಗೆ ಇಲ್ಲ. 10-15 ನಿಮಿಷದಾಗ ಸ್ಟೋನ್ ಬೀಳಬೇಕು, ಏನ ತ್ರಾಸ ಇದ್ರೂ ಹಿಂಡಿದ ತೇವ ಟಿಶ್ಯೂ ಸುತ್ತಿ ಝಿಪ್ ಚೀಲದಾಗ ಹಾಕಿ ಅರ್ಧ ತಾಸು, ಅದರ ಮ್ಯಾಲೆ ಬ್ಯಾಡ.

ಪ್ಲೇಟಿನ ಜಗಳ ಬಗೆಹರಿಸಾಕ ಒಂದು ದಾರಿ ಐತಿ. ಲ್ಯಾಬಿನವರ ಕಡಿಂದ ಕಾಸ್ಟ್ ತರಸ್ಕೋರಿ, ಒಡದಿರಬಾರದು, ಪ್ಲೇಟನ್ನ ಅದರ ಮ್ಯಾಲೆ ಕುಂದರಸಿ ನೋಡ್ರಿ. ಕಾಸ್ಟ್ ಮ್ಯಾಲೆ ಗಟ್ಟಿ ಕುಂತು ಬಾಯ್ಯಾಗ ಅಲಗಾಡಿದ್ರ ಲ್ಯಾಬಿನವರ ಮಾತು ಖರೆ, ಕಾಸ್ಟ್ ಬಾಯಿಗೆ ಹೊಂದವಲ್ದು, ಇಂಪ್ರೆಷನ್ ಇಲ್ಲಾ ಅದನ್ನ ಇಟ್ಟ ರೀತಿ ತಪ್ಪು. ಕಾಸ್ಟ್ ಮ್ಯಾಲೂ ಅಲಗಾಡಿದ್ರ ಅಕ್ರಿಲಿಕ್ ಬೇಯಿಸೂದ್ರಾಗ ಏನೋ ಆಗೈತಿ, ಅದು ಅವರದು. ನೀವು ಬರದದ್ದು ನೋಡಿದ್ರ ಮೊದಲನೇದ ಇರಬೇಕು ಅನಸ್ತೈತಿ. ಆ ಪ್ಲೇಟನ್ನ ತಿಕ್ಕಿ ತಿಕ್ಕಿ ಕುಂದರಸಾಕ ಹೋಗಬ್ಯಾಡ್ರಿ, ಹಲ್ಲಿಗೆ ಹತ್ತೂ ಜಾಗಾ ತಿಕ್ಕಿದಷ್ಟು ಸಂದಿ ಬೀಳ್ತೈತಿ, ಅಲ್ಲಿ ಅನ್ನ ಸಿಗಬೀಳ್ತೈತಿ. ಹೊಸ ಇಂಪ್ರೆಷನ್ ತಗೋರಿ.

ಮುಂದಿನ ಸಲಕ್ಕ ನಿಮ್ಮ ಮುಂದ ಮೂರು ದಾರಿ. ಎಲ್ಲಕ್ಕಿಂತ ಅಗ್ಗದ್ದು, ಕಾಸ್ಟ್ ನೀವ ಹಾಕೂದು. ಇಂಪ್ರೆಷನ್ನಿಗೆ ಹತ್ತಿದ ಜೊಲ್ಲು, ರಕ್ತ ನೀರಿನಾಗ ತೊಳೀರಿ, ಜೊಲ್ಲು ಉಳದ್ರ ಸ್ಟೋನಿನ ಮೈ ಮೆತ್ತಗಾಗ್ತೈತಿ. ಡಿಸ್‌ಇನ್‌ಫೆಕ್ಟೆಂಟ್ ಸ್ಪ್ರೇ ಹೊಡದು ಚೀಲದಾಗ 10 ನಿಮಿಷ ಇಟ್ಟು ಮತ್ತ ತೊಳದು ನೀರು ಝಾಡಿಸ್ರಿ, ಏರ್ ಸಿರಿಂಜಿಂದ ಖಣ ಖಣ ಒಣಗಿಸಬ್ಯಾಡ್ರಿ. 100 ಗ್ರಾಂ ಡೆಂಟಲ್ ಸ್ಟೋನಿಗೆ ಸುಮಾರು 30 ಎಂಎಲ್ ನೀರು. ಮುಕ್ಕಾಲರಿಂದ ಒಂದು ತಾಸಿಗೆ ಬಿಡಸ್ರಿ, ರಾತ್ರಿಯೆಲ್ಲಾ ಬಿಟ್ರ ಒಣಗಿದ ಆಲ್ಜಿನೇಟ್ ಬಿರಸಾಗಿ ಕಾಸ್ಟಿನ ಹಲ್ಲು ಮುರೀತೈತಿ, ಮೈನೂ ಸುಣ್ಣದಂಗ ಪುಡಿ ಪುಡಿ ಆಗ್ತೈತಿ. ಎರಡನೇದು, ತಡಮಾಡಿ ಸ್ಟೋನ್ ಹಾಕಾಕ ಬರೂವಂಥಾ ಆಲ್ಜಿನೇಟ್ ಅದಾವ, ಎಷ್ಟ ದಿನ ಅಂತ ಪ್ಯಾಕೆಟ್ ಮ್ಯಾಲೆ ಬರದಿರ್ತಾರ, ಆದ್ರ ಅದೂ ಬಿಗಿ ಚೀಲದಾಗ ಇಟ್ರ ಅಷ್ಟ, ಮತ್ತ ಸೆಕಿಗೆ ಅದೂ ಹಿಂಗ ಓಡ್ತೈತಿ. ಮೂರನೇದು ಅಡಿಷನ್ ಸಿಲಿಕೋನ್. ಕ್ರೌನ್, ಬ್ರಿಜ್ಜಿಗೆ ಹೆಂಗೂ ಅದ ಬೇಕು, ದಿನಗಟ್ಲೆ ಅಳತಿ ಬದಲಾಗಂಗಿಲ್ಲ, ಬಸ್ಸಿನಾಗ ಹೋದ್ರೂ ಚಿಂತಿಲ್ಲ. ರೊಕ್ಕ ಹೆಚ್ಚು, ಮೂರು ಹಲ್ಲಿನ ಅಕ್ರಿಲಿಕ್ ಪ್ಲೇಟಿಗೆ ಅದರ ಖರ್ಚು ಪೇಶಂಟ್ ಮ್ಯಾಲೆ ಹಾಕೂದು ನನಗಂತೂ ಸರಿ ಅನಸಂಗಿಲ್ಲ. ಬಳಸಿದ್ರ ಲೇಟೆಕ್ಸ್ ಗ್ಲೌಸ್ ಹಾಕ್ಕೊಂಡು ಪುಟ್ಟಿ ನಾದಬ್ಯಾಡ್ರಿ, ಗ್ಲೌಸಿನೊಳಗಿನ ಗಂಧಕ ಅದರ ಪ್ಲಾಟಿನಮ್ ಕ್ಯಾಟಲಿಸ್ಟನ್ನ ಕೆಡಸ್ತೈತಿ, ಸೆಟ್ಟ ಆಗಂಗಿಲ್ಲ.

ಕೊನಿಗೆ ನಿಮ್ಮ ಸಿಮೆಂಟ್. ಥಂಡಿ ಸ್ಲ್ಯಾಬ್ ಮ್ಯಾಲೆ ಗ್ಲಾಸ್ ಅಯನೊಮರ್ ಕಲಸಬಹುದು, ಆದ್ರ ಝಿಂಕ್ ಫಾಸ್ಫೇಟಿನ ಬುದ್ಧಿ ಇಲ್ಲಿ ಓಡಿಸಬಾರದು. ಝಿಂಕ್ ಫಾಸ್ಫೇಟಿನಾಗ ಆಸಿಡ್ ಮತ್ತ ಝಿಂಕ್ ಆಕ್ಸೈಡ್ ಕೂಡಿದ್ರ ಬಿಸಿ ಏಳ್ತೈತಿ, ಆ ಬಿಸಿನ ಸೆಟ್ಟಿಂಗನ್ನ ಇನ್ನೂ ಓಡಸ್ತೈತಿ, ಅದಕ್ಕ ಅಗಲ ಸ್ಲ್ಯಾಬ್ ಮ್ಯಾಲೆ ಚೂರ ಚೂರ ಪುಡಿ ಕೂಡಿಸಿ ಒಂದೂವರಿ ನಿಮಿಷದಾಗ ಕಲಸ್ತಿದ್ವಿ. ಸ್ಲ್ಯಾಬ್ ಥಂಡಿ ಇದ್ರ ಅದ ದ್ರವಕ್ಕ ಹೆಚ್ಚು ಪುಡಿ ಹಿಡೀತಿತ್ತು, ಹೆಚ್ಚು ಪುಡಿ ಅಂದ್ರ ಹೆಚ್ಚು ಗಟ್ಟಿ ಸಿಮೆಂಟ್. ಗ್ಲಾಸ್ ಅಯನೊಮರಿನಾಗ ಪುಡಿ ದ್ರವದ ಅಳತಿ ಕಂಪನಿಯವರು ಕಟ್ಟಿ ಕೊಟ್ಟಿರ್ತಾರ, ಥಂಡಿ ಐತಿ, ಇನ್ನೂ ತೆಳ್ಳಗ ಐತಿ ಅಂತ ಪುಡಿ ಹೆಚ್ಚು ಹಾಕಿದ್ರ ಸಿಮೆಂಟ್ ದಪ್ಪ ಆಗಿ ಕ್ರೌನ್ ಪೂರಾ ಕುಂದರಂಗಿಲ್ಲ, ಬೈಟ್ ಹೈ ಆಗ್ತೈತಿ. ಇಲ್ಲಿ ಥಂಡಿಯಿಂದ ಸಿಗೂದು ಟೈಮು ಒಂದ.

ಸ್ಲ್ಯಾಬ್ ಎಷ್ಟು ಥಂಡಿ ಇರಬೇಕು ಅಂದ್ರ ಮ್ಯಾಲೆ ಇಬ್ಬನಿ ಕೂಡದಷ್ಟು. ಬ್ಯಾಸಿಗಿ ಒಣಗಾಳ್ಯಾಗ ಅದು ಅಷ್ಟ ತ್ರಾಸ ಕೊಡಂಗಿಲ್ಲ, ಮಳಿಗಾಲ ಶುರುವಾತಂದ್ರ ಫ್ರಿಜ್ಜಿಂದ ತಗದ ಸ್ಲ್ಯಾಬ್ ಕ್ಷಣದಾಗ ಮಬ್ಬಾಗ್ತೈತಿ. ಒರಸ್ರಿ, ಓರೆ ಹಿಡದು ಬೆಳಕಿಗೆ ನೋಡ್ರಿ, ಮತ್ತ ಮಬ್ಬಾದ್ರ ಇನ್ನೊಂದೆರಡು ನಿಮಿಷ ಹೊರಗ ಇಡ್ರಿ. ಆ ನೀರು ಮಿಕ್ಸಿಗೆ ಸೇರಿದ್ರ ಅಳತಿ ಕೆಡ್ತೈತಿ, ಸಿಮೆಂಟ್ ದುರ್ಬಲ ಆಗಿ ಕರಗಾಕ ಹತ್ತತೈತಿ. ದ್ರವದ ಬಾಟ್ಲಿ ಮಾತ್ರ ಫ್ರಿಜ್ಜಿನಾಗ ಇಡಬ್ಯಾಡ್ರಿ, ಅದು ಪಾಲಿ ಆಸಿಡ್, ಥಂಡಿಗೆ ಜೇನಿನಂಗ ಮಂದ ಆಗಿ ಹನಿ ಅಳತಿ ತಪ್ಪತೈತಿ. ಹನಿ ಹಾಕೂದು ಕಲಸೂ ಹೊತ್ತಿಗ ಇರಲಿ, ಮೊದಲ ಹಾಕಿ ಇಟ್ರ ಫ್ಯಾನ್ ಗಾಳಿಗೆ ಅದರೊಳಗಿನ ನೀರು ಹಾರಿ ಸೆಟ್ಟಿಂಗ್ ಹದ ಕೆಡ್ತೈತಿ.

ಮತ್ತ ಹೊಳಪು ನೋಡೂದು ಬಿಡಬ್ಯಾಡ್ರಿ. ಮಿಕ್ಸ್ ಮಿರಿ ಮಿರಿ ಮಿಂಚೂತನಕ ಆಸಿಡ್ಡಿನ ಕಾರ್ಬಾಕ್ಸಿಲ್ ಗುಂಪು ಇನ್ನೂ ಖಾಲಿ ಅದಾವ ಅಂತ ಅರ್ಥ, ಅವು ಹಲ್ಲಿನ ಕ್ಯಾಲ್ಸಿಯಂ ಹಿಡಕೋತಾವ. ಹೊಳಪು ಹೋಗಿ ಮಾಸಿದಂಗ ಆತಂದ್ರ ಅವು ಪುಡಿಯ ಗ್ಲಾಸಿನ ಜೋಡಿನ ಕೂಡಿಬಿಟ್ಟಾವ, ಹಲ್ಲಿಗೆ ಏನೂ ಉಳದಿಲ್ಲ, ಆ ಮಿಕ್ಸ್ ಒಗೀರಿ. ಕ್ರೌನ್ ಬಿಚ್ಚಿಕೊಂಡು ಬಂದ ಪೇಶಂಟ್ ಇದ್ರ ಸಿಮೆಂಟ್ ಎಲ್ಲಿ ಉಳದೈತಿ ನೋಡ್ರಿ. ಕ್ರೌನಿನೊಳಗ ಪೂರಾ ಕುಂತು ಹಲ್ಲು ಸ್ವಚ್ಛ ಇದ್ರ ಒಂದು ಮಾಸಿದ ಮಿಕ್ಸ್ ಹಚ್ಚೀರಿ, ಇಲ್ಲಾ ಹಲ್ಲಿಗೆ ಜೊಲ್ಲು ಹತ್ತಿತ್ತು. ಹಲ್ಲಿನ ಮ್ಯಾಲೆ ಉಳದು ಕ್ರೌನ್ ಖಾಲಿ ಇದ್ರ ಕ್ರೌನಿನ ಒಳಮೈ ಸರಿಯಾಗಿ ಸ್ವಚ್ಛ ಮಾಡಿ ಒರಟು ಮಾಡಿರಲಿಲ್ಲ ಅಂತ ಲ್ಯಾಬಿನವರನ್ನ ಕೇಳಬಹುದು, ಆಗ ಸ್ಲ್ಯಾಬಿನ ಥಂಡಿಗೂ ಅದಕ್ಕೂ ಸಂಬಂಧ ಇಲ್ಲ.